ಅಮ್ಮ ಉತ್ತರಿಸಿದರೂ ಮುಗಿಯದ ಪ್ರಶ್ನೆ: ಮನೋವೈದ್ಯರ ಮೊದಲ ಭೇಟಿಯ ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಅಡಿಕೆ ಕೃಷಿಕ ಕುಟುಂಬವೊಂದರ 19 ವರ್ಷದ ಮಗನನ್ನು ಅವನ ತಾಯಿ ಮೊದಲ ಬಾರಿಗೆ ಮನೋವೈದ್ಯರ ಬಳಿಗೆ ಕರೆತಂದ ಸಂದರ್ಭ ಇಲ್ಲಿದೆ. ಇದು ಯಾವುದೇ ಒಬ್ಬ ರೋಗಿಯ ಕಡತದಿಂದ ಎತ್ತಿಕೊಂಡದ್ದಲ್ಲ. ಇಂತಹ ಭೇಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದು ಮನೆಯ ಕಥೆಯಾಗಿ ಹೆಣೆದದ್ದು. ಆದ್ದರಿಂದ ಇಲ್ಲಿ ಯಾರಿಗೂ ಹೆಸರಿಲ್ಲ. ತಾಯಿ, ಮಗ, ವೈದ್ಯೆ ಎಂದಷ್ಟೇ ಕರೆದಿದ್ದೇನೆ.

ಅವರನ್ನು ಮನೋರೋಗ ವಿಭಾಗಕ್ಕೆ ಕಳುಹಿಸಿದವರು ಚರ್ಮರೋಗ ತಜ್ಞರು. ಹುಡುಗನ ಎರಡೂ ಕೈಗಳ ಬೆರಳ ಗಿಣ್ಣುಗಳು ಬಿರಿದು, ಅಂಗೈ ಬಿಳಿಚಿ, ಕೆಲವು ಕಡೆ ರಕ್ತ ಒಸರುತ್ತಿತ್ತು. ಎರಡು ಬಾರಿ ಮುಲಾಮು ಬರೆದುಕೊಟ್ಟರೂ ಗುಣವಾಗದಿದ್ದಾಗ ಆ ವೈದ್ಯರು, ದಿನಕ್ಕೆ ಎಷ್ಟು ಸಾಬೂನು ಬೇಕಾಗುತ್ತದೆ ಎಂದು ಕೇಳಿದರು. ಮಗ ಸುಮ್ಮನಿದ್ದ, ಎರಡು ದಿನಕ್ಕೆ ಒಂದು ಕಟ್ಟಿ ಮುಗಿಯುತ್ತದೆ ಎಂದು ತಾಯಿ ಹೇಳಿದರು. ಆ ಒಂದು ಪ್ರಶ್ನೆಯಿಂದ ಪ್ರಕರಣದ ದಿಕ್ಕು ಬದಲಾಯಿತು. ಗೀಳು ಕಾಯಿಲೆ, ಅಂದರೆ ಓಸಿಡಿ ಇರುವ ಎಷ್ಟೋ ಮಂದಿ ಮೊದಲು ತಲುಪುವುದು ಚರ್ಮದ ವೈದ್ಯರನ್ನು. ಒಡೆದ ಕೈ ಎಲ್ಲರಿಗೂ ಕಾಣುತ್ತದೆ, ಅದನ್ನು ಒಡೆಸಿದ ಯೋಚನೆ ಯಾರಿಗೂ ಕಾಣುವುದಿಲ್ಲ.

ತಾಯಿಗೆ ಮೊದಲು ಹೊಳೆದದ್ದು, "ಚರ್ಮದ ಡಾಕ್ಟರೇ ಇನ್ನೊಬ್ಬರಿಗೆ ತೋರಿಸಲು ಹೇಳಿದ್ದಾರೆ" ಎಂದು ಮಗನಿಗೆ ಹೇಳಿ ಕರೆದುಕೊಂಡು ಹೋಗುವ ಉಪಾಯ. ಅನೇಕ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಬಾಗಿಲ ಮೇಲಿನ ಫಲಕವನ್ನು ಓದಿದ ಕ್ಷಣದಲ್ಲಿ ರೋಗಿಗೆ ತಾನು ಮೋಸಹೋದೆನೆಂದು ತಿಳಿಯುತ್ತದೆ, ಆಮೇಲೆ ಅವನು ಒಳಗೆ ಬಂದರೂ ಬಾಯಿ ಬಿಡುವುದಿಲ್ಲ. ಈ ತಾಯಿ ಹಿಂದಿನ ರಾತ್ರಿ ಊಟದ ಬಳಿಕ ನೇರವಾಗಿಯೇ ಹೇಳಿದರು: "ನಾಳೆ ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು. ನಿನಗೆ ಹುಚ್ಚು ಅಂತ ಅಲ್ಲ. ನೀನು ದಿನಾ ಇಷ್ಟು ಕಷ್ಟಪಡುವುದು ಯಾಕೆ ಅಂತ ಕೇಳುವುದಕ್ಕೆ. ನಾನು ಜೊತೆಗೆ ಇರುತ್ತೇನೆ." ಮಗ ಒಪ್ಪಿದೆನೆಂದೂ ಹೇಳಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಡಬೇಕಾದ್ದರಿಂದ ನಾಲ್ಕು ಗಂಟೆಗೇ ಎದ್ದು ಸ್ನಾನಕ್ಕೆ ಹೋದ.

ವೈದ್ಯೆ ಮಲಯಾಳ ಮಾತೃಭಾಷೆಯವರು; ಕನ್ನಡ ಅವರಿಗೆ ಅರ್ಥವಾಗುತ್ತದೆ, ಆದರೆ ಮಾತು ವೇಗವಾದಾಗ ತಪ್ಪಿಹೋಗುತ್ತದೆ. ಮಗ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಸಲೀಸಾಗಿ ಮಾತಾಡುತ್ತಾನೆ, ಆದರೆ ಮನಸ್ಸಿನೊಳಗಿನದನ್ನು ಹೇಳಲು ಆ ಭಾಷೆ ಸಾಲದು. ತಾಯಿ "ನಾನೇ ಹೇಳುತ್ತೇನೆ" ಎಂದು ಮುಂದಾದರು. ವೈದ್ಯೆ ಅದಕ್ಕೆ ಒಪ್ಪದೆ, ವಿಭಾಗದಲ್ಲಿದ್ದ ಕನ್ನಡ ಬಲ್ಲ ಸಮಾಜ ಕಾರ್ಯಕರ್ತೆಯನ್ನು ಕರೆಸಿದರು. ಗಡಿನಾಡಿನ ಆಸ್ಪತ್ರೆಗಳಲ್ಲಿ ಮನೆಯವರೇ ದುಭಾಷಿಗಳಾಗುವುದು ವಾಡಿಕೆ. ಜ್ವರಕ್ಕೆ, ಹೊಟ್ಟೆನೋವಿಗೆ ಅದರಿಂದ ತೊಂದರೆಯಿಲ್ಲ. ಮನೋರೋಗ ವಿಭಾಗದಲ್ಲಿ ಮಾತ್ರ ಅದು ನಡೆಯದು. ಮಗ ಹೇಳಿದ್ದನ್ನು ತಾಯಿ ಮೆದುಗೊಳಿಸಿಯೋ ತಿದ್ದಿಯೋ ಹೇಳುತ್ತಾರೆ, ತಾಯಿಯ ಮೂಲಕ ಹೇಳಲಾಗದ್ದನ್ನು ಮಗ ಹೇಳುವುದೇ ಇಲ್ಲ.

ಮೊದಲ ಹತ್ತು ನಿಮಿಷ

ಎಲ್ಲರೂ ಒಟ್ಟಿಗೆ ಕುಳಿತಾಗ ವೈದ್ಯೆ ಮಗನನ್ನು ನೋಡಿ, "ಇಲ್ಲಿಗೆ ಬರಬೇಕು ಅಂತ ನಿಮಗೆ ಅನಿಸಿತ್ತೋ, ಅಮ್ಮನಿಗೆ ಅನಿಸಿತ್ತೋ?" ಎಂದು ಕೇಳಿದರು. ಉತ್ತರ ತಾಯಿಯಿಂದ ಬಂತು. ಎರಡನೆಯ ಪ್ರಶ್ನೆಗೂ ಹಾಗೆಯೇ ಆಯಿತು. ತಾಯಿಯ ಕೈಚೀಲದಲ್ಲಿ ಹಳೆಯ ಔಷಧ ಚೀಟಿಗಳ ಜೊತೆಗೆ, ಗೋಡೆಯ ಕ್ಯಾಲೆಂಡರಿನಿಂದ ಹರಿದ ಮೂರು ತಿಂಗಳ ಹಾಳೆಗಳಿದ್ದವು. ಮಗ ಕಾಲೇಜಿಗೆ ಹೋಗದ ದಿನಗಳ ಮೇಲೆ ಪೆನ್ಸಿಲ್ಲಿನ ಗೀಟು, ರಾತ್ರಿ ಊಟ ಬಿಟ್ಟ ದಿನಗಳ ಮೇಲೆ ಒಂದು ಸೊನ್ನೆ. ಮೂರನೆಯ ತಿಂಗಳ ಹಾಳೆಯಲ್ಲಿ ಗೀಟಿಲ್ಲದ ದಿನಗಳು ಆರೇ ಇದ್ದವು. ವೈದ್ಯೆ ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿ ನೋಡಿದರು. "ಅವನು ಯಾವಾಗಲೂ ತೊಳೆಯುತ್ತಾನೆ" ಎಂಬ ಮಾತಿಗಿಂತ ಈ ಹಾಳೆ ಹೆಚ್ಚು ಹೇಳುತ್ತದೆ. ಕಾಯಿಲೆ ಯಾವಾಗ ಹೆಚ್ಚಾಯಿತು, ಯಾವ ಕೆಲಸ ನಿಂತುಹೋಯಿತು ಎಂಬುದು ಅದರಲ್ಲಿ ತಾರೀಕಿನ ಸಮೇತ ಇತ್ತು.

ತಾಯಿ ಹೇಳಿದ ಕಥೆ ಇಷ್ಟು. ಪ್ಲಸ್ ಟು ಓದುವಾಗ ಶುರುವಾಯಿತು. ಮನೆಯ ಹಿಂದಿನ ಗುಡ್ಡೆಯ ಆಚೆ ಗೇರು ತೋಟವಿದೆ. ಗುಡ್ಡೆಯ ಬುಡದಲ್ಲಿ ತೋಡಿದ ಸುರಂಗದ ನೀರು ಮನೆಗೆ ಬರುತ್ತದೆ. ಗೇರು ತೋಟಕ್ಕೆ ಹಿಂದೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕ ಆ ನೀರಿನಲ್ಲಿ ಇರಬಹುದೆಂದು ಮಗನಿಗೆ ಅನುಮಾನ ಬಂತು. ಮೊದಲು ಆ ನೀರು ಕುಡಿಯುವುದನ್ನು ಬಿಟ್ಟ, ಬಳಿಕ ಅದರಲ್ಲಿ ಬೇಯಿಸಿದ ಅನ್ನ ಬಿಟ್ಟ. ಈಗ ತಾಯಿ ದಿನಕ್ಕೆ ಎರಡು ಬಾರಿ ಕೆಳಗಿನ ಮನೆಯ ಬಾವಿಯಿಂದ ಅವನಿಗೆಂದೇ ಕೊಡಪಾನದಲ್ಲಿ ನೀರು ತರುತ್ತಾರೆ. ಗುಡ್ಡೆಯ ಕಡೆಗೆ ಹೋಗಿ ಬಂದವರು ಅಂಗಳದಲ್ಲೇ ಬಟ್ಟೆ ಬದಲಿಸಬೇಕು. ಅಡಿಕೆ ತೋಟಕ್ಕೆ ಮೈಲುತುತ್ತಿನ ದ್ರಾವಣ ಸಿಂಪಡಿಸುವ ಮಳೆಗಾಲದ ದಿನಗಳಲ್ಲಂತೂ ಅವನು ಕೋಣೆಯಿಂದ ಹೊರಗೆ ಬರುವುದಿಲ್ಲ. ಸ್ನಾನಕ್ಕೆ ಒಂದೂವರೆ ಗಂಟೆ ಬೇಕು. ಬೈರಾಸು ಕೈಜಾರಿ ನೆಲಕ್ಕೆ ಬಿದ್ದರೆ ಸ್ನಾನ ಮೊದಲಿನಿಂದ.

"ಅವನ ತಂದೆ ಇದನ್ನು ಸೋಮಾರಿತನ ಅನ್ನುತ್ತಾರೆ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದೆವು, ಹೇಳಿದ ಪೂಜೆಯನ್ನೂ ಮಾಡಿಸಿದೆವು. ನೀವಾದರೂ ಸ್ವಲ್ಪ ಗದರಿಸಿ ಹೇಳಿ ಡಾಕ್ಟ್ರೇ" ಎಂದರು ತಾಯಿ. ವೈದ್ಯೆ ಗದರಿಸಲಿಲ್ಲ, ಪೂಜೆಯ ಬಗ್ಗೆ ಏನನ್ನೂ ಅನ್ನಲೂ ಇಲ್ಲ. "ಇನ್ನು ಸ್ವಲ್ಪ ಹೊತ್ತು ಇವರೊಬ್ಬರ ಹತ್ತಿರ ಮಾತಾಡುತ್ತೇನೆ, ಆಮೇಲೆ ನಿಮ್ಮ ಹತ್ತಿರವೂ ಬೇರೆಯಾಗಿ ಮಾತಾಡುತ್ತೇನೆ" ಎಂದು ಅವರನ್ನು ಹೊರಗೆ ಕುಳಿತುಕೊಳ್ಳಲು ಹೇಳಿದರು. ತಾಯಿಯ ಮುಖ ಸಪ್ಪಗಾಯಿತು. ಎರಡು ವರ್ಷ ಹೊತ್ತುಕೊಂಡು ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಬೇಸರವಾಗುವುದು ಸಹಜ. ಆದರೆ 18 ತುಂಬಿದ ರೋಗಿಯ ವಿಷಯದಲ್ಲಿ ಇದು ವೈದ್ಯರ ಮರ್ಜಿಯಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 23ನೆಯ ಕಲಮು ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ. ಜೀವಾಪಾಯವನ್ನು ತಡೆಯಲು ಅಗತ್ಯವಾದಷ್ಟನ್ನು ಹೇಳುವಂತಹ ಕೆಲವು ಅಪವಾದಗಳು ಮಾತ್ರ ಇವೆ. ವೈದ್ಯೆ ಇದನ್ನು ಇಬ್ಬರ ಎದುರಿನಲ್ಲೇ ಹೇಳಿದ್ದರಿಂದ, ಹೊರಗೆ ಹೋಗುವ ತಾಯಿಗೂ ಒಳಗೆ ಉಳಿಯುವ ಮಗನಿಗೂ ನಿಯಮ ಒಂದೇ ಎಂದು ಗೊತ್ತಾಯಿತು.

ಬಾಗಿಲು ಮುಚ್ಚಿದ ಮೇಲೆ

ಮಗ ಮೊದಲು ಮಾತಾಡಿದ್ದು ನೀರಿನ ಬಗ್ಗೆಯೇ. ಕಳೆದ ವರ್ಷ ಅವನ ಒತ್ತಾಯಕ್ಕೆ ತಂದೆ ಸುರಂಗದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದರು. ಕೀಟನಾಶಕದ ಅಂಶ ಪತ್ತೆಯಾಗಿಲ್ಲ ಎಂದು ವರದಿ ಬಂತು. "ಆಗ ಹೇಗನಿಸಿತು?" ಎಂದು ವೈದ್ಯೆ ಕೇಳಿದರು.

"ಸಮಾಧಾನ ಆಯಿತು. ಸಂಜೆಯವರೆಗೆ."

"ಸಂಜೆ ಏನಾಯಿತು?"

"ನೀರು ತುಂಬಿಸಿದ ಬಾಟಲಿಯನ್ನು ಅಪ್ಪ ಸರಿಯಾಗಿ ತೊಳೆದಿದ್ದರೋ ಇಲ್ಲವೋ ಅಂತ ಅನಿಸಿತು. ತೊಳೆಯದಿದ್ದರೆ ವರದಿಯೇ ತಪ್ಪು. ತೊಳೆದಿದ್ದರೂ ಯಾವ ನೀರಿನಲ್ಲಿ ತೊಳೆದದ್ದು?"

ಈ ಪ್ರಕರಣದಲ್ಲಿ ರೋಗವನ್ನು ಗುರುತಿಸಲು ಅತ್ಯಂತ ನೆರವಾದ ಮಾತು ಇದೇ ಎಂದು ನನಗನಿಸುತ್ತದೆ. ಸಾಧಾರಣ ಭಯಕ್ಕೆ ಪುರಾವೆ ಸಿಕ್ಕಿದರೆ ಅದು ಇಳಿಯುತ್ತದೆ. ಗೀಳಿನ ಸಂಶಯ ಹಾಗಲ್ಲ. ಪುರಾವೆಯನ್ನೇ ಹಿಡಿದುಕೊಂಡು ಅದರೊಳಗೆ ಇನ್ನೊಂದು ಸಂಶಯವನ್ನು ಹುಡುಕುತ್ತದೆ. ಆದರೆ ಇದು ಭ್ರಮೆಯ ಕಾಯಿಲೆಯೂ ಇರಬಹುದಲ್ಲವೇ ಎಂಬುದನ್ನು ವೈದ್ಯೆ ನೋಡಲೇಬೇಕಾಗಿತ್ತು. ಯಾರಾದರೂ ಬೇಕೆಂದೇ ನೀರಿಗೆ ವಿಷ ಹಾಕುತ್ತಿದ್ದಾರೆಯೇ, ಯೋಚನೆಗಳನ್ನು ಬೇರೆ ಯಾರೋ ತಲೆಯೊಳಗೆ ಇಡುತ್ತಿರುವಂತೆ ಅನಿಸುತ್ತದೆಯೇ, ಯಾರೂ ಇಲ್ಲದಾಗ ಧ್ವನಿ ಕೇಳುತ್ತದೆಯೇ ಎಂದು ಅವರು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಇಲ್ಲ ಎಂಬ ಉತ್ತರ ಬಂತು. "ವಿಷ ಇಲ್ಲ ಅಂತ ನನಗೆ ಗೊತ್ತಿದೆ. ಆದರೆ ಇದ್ದರೆ?" ಎಂದ ಮಗ. ತನ್ನ ಯೋಚನೆ ಅತಿಯಾದದ್ದು ಎಂಬ ಅರಿವು ಅವನಲ್ಲಿ ಉಳಿದಿತ್ತು. ಈ ಅರಿವು ಎಲ್ಲ ರೋಗಿಗಳಲ್ಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ಆಮೇಲೆ ವೈದ್ಯೆ ಇನ್ನೊಂದು ಪ್ರಶ್ನೆ ಕೇಳಿದರು: "ಕೆಲವರಿಗೆ, ಹೇಳಲು ನಾಚಿಕೆಯಾಗುವ, ಹೆದರಿಕೆಯಾಗುವ ಯೋಚನೆಗಳೂ ಬರುತ್ತವೆ. ಹತ್ತಿರದವರಿಗೆ ತಾನೇ ಏನೋ ಮಾಡಿಬಿಡುತ್ತೇನೆ ಎಂಬಂತಹವು. ನಿಮಗೆ ಹಾಗೆ ಏನಾದರೂ?" ಮಗ ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತಿದ್ದ. ತೋಟದ ಶೆಡ್ಡಿನಲ್ಲಿ ಕಳೆನಾಶಕದ ಕ್ಯಾನಿದೆ. ಅದನ್ನು ಒಮ್ಮೆ ಮುಟ್ಟಿದ್ದ ಕೈಯಿಂದಲೇ ತಾನು ಅಮ್ಮನ ಕಾಫಿಯ ಲೋಟ ಎತ್ತಿ ಕೊಟ್ಟೆನೆಂಬ ನೆನಪು, ಅಮ್ಮ ಕುಸಿದುಬೀಳುವ ಚಿತ್ರ, ತಾನೇ ಬೇಕೆಂದು ಹಾಕಿದೆನೋ ಏನೋ ಎಂಬ ಸಂಶಯ, ಇವೆಲ್ಲ ದಿನಕ್ಕೆ ಹತ್ತಾರು ಸಲ ಬರುತ್ತವೆ ಎಂದು ಹೇಳಿದ. ತೊಳೆಯುವುದು ತನ್ನನ್ನು ಉಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅಮ್ಮನನ್ನು ಉಳಿಸುವುದಕ್ಕಾಗಿತ್ತು. ತಾಯಿ ಪಕ್ಕದಲ್ಲಿ ಕುಳಿತಿದ್ದರೆ ಈ ಮಾತು ಬರುತ್ತಿರಲಿಲ್ಲ.

ಇಂತಹ ಯೋಚನೆ ಬಂದವರು ತಾವು ಕೊಲೆಗಾರರೆಂದೋ ಪೊಲೀಸರಿಗೆ ಹಿಡಿದುಕೊಡುತ್ತಾರೆಂದೋ ಹೆದರಿ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ವೈದ್ಯೆ ಅವನಿಗೆ ಹೇಳಿದ್ದು ಸರಳವಾಗಿತ್ತು: ಬಯಕೆ ಬೇರೆ, ಬಯಸದೆ ನುಗ್ಗುವ ಯೋಚನೆ ಬೇರೆ, ಈ ಯೋಚನೆ ಬಂದಾಗ ಅವನಿಗೆ ಆಗುವುದು ಜುಗುಪ್ಸೆ ಮತ್ತು ಭಯ, ಅದನ್ನು ತಡೆಯಲು ಅವನು ಮೈ ಒಡೆಯುವಷ್ಟು ತೊಳೆಯುತ್ತಾನೆ. ಇದು ಗೀಳಿನ ಲಕ್ಷಣ, ಅವನ ಸ್ವಭಾವದ ಲಕ್ಷಣವಲ್ಲ. ಇದನ್ನು ತಾಯಿಗೆ ಹೇಳಬಹುದೇ ಎಂದು ಕೇಳಿದಾಗ ಅವನು "ಈಗ ಬೇಡ" ಎಂದ. ವೈದ್ಯೆ ಒಪ್ಪಿದರು.

ಸಾಯಬೇಕು ಎಂದು ಅನಿಸಿದೆಯೇ ಎಂಬ ಪ್ರಶ್ನೆಯನ್ನೂ ಅವರು ಸುತ್ತಿಬಳಸದೆ ಕೇಳಿದರು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಇದು ಹೀಗೇ ನಡೆದರೆ ಬದುಕುವುದು ಬೇಡ ಎಂದು ಕೆಲವು ರಾತ್ರಿ ಅನಿಸಿದ್ದುಂಟು, ಆದರೆ ಹೇಗೆ, ಯಾವಾಗ ಎಂದು ಯೋಚಿಸಿಲ್ಲ, ಯಾವ ಪ್ರಯತ್ನವನ್ನೂ ಮಾಡಿಲ್ಲ ಎಂದು ಅವನು ಹೇಳಿದ. ಕೃಷಿಕರ ಮನೆಯಲ್ಲಿ ಈ ಉತ್ತರದ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ಕೀಟನಾಶಕ, ಕಳೆನಾಶಕ ಎಲ್ಲಿವೆ, ಬೀಗವಿದೆಯೇ? ಇಲ್ಲಿ ಒಂದು ತೊಡಕಿತ್ತು. ಕ್ಯಾನನ್ನು ಬೀಗ ಹಾಕಿ ಇಡುವುದು ಗೀಳಿನ ಬೇಡಿಕೆಯನ್ನು ಪೂರೈಸಿದಂತೆಯೂ ಆಗಬಹುದು. ವೈದ್ಯೆ ಜೀವರಕ್ಷಣೆಗೆ ಪ್ರಾಶಸ್ತ್ಯ ಕೊಟ್ಟರು. ಶೆಡ್ಡಿಗೆ ಬೀಗ ಬೀಳಬೇಕು, ಕೀಲಿಕೈ ತಂದೆಯ ಬಳಿ ಇರಬೇಕು, ಆದರೆ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಮಗನಿಗೆ ತೋರಿಸುವ, ವರದಿ ಒಪ್ಪಿಸುವ ಕೆಲಸ ಯಾರೂ ಮಾಡಬಾರದು. ಬದುಕು ಬೇಡ ಎನಿಸುವ ರಾತ್ರಿಗಳ ವಿಷಯವನ್ನು ತಾಯಿಗೆ ತಿಳಿಸಲು ಮಗ ಒಪ್ಪಿದ.

ತಾಯಿಗೆ ಕೇಳಿದ ಪ್ರಶ್ನೆ

ತಾಯಿ ಒಳಗೆ ಬಂದಾಗ ಮಗನ ಬಗ್ಗೆ ಇನ್ನಷ್ಟು ಹೇಳಲು ಸಿದ್ಧರಾಗಿದ್ದರು. ವೈದ್ಯೆ ಕೇಳಿದ್ದು ಬೇರೆ: "ನಿಮ್ಮ ನಿನ್ನೆಯ ದಿನ ಹೇಗೆ ಹೋಯಿತು? ಬೆಳಿಗ್ಗೆಯಿಂದ ಹೇಳಿ ಅಮ್ಮಾ." ಅಡುಗೆ, ಹಟ್ಟಿಯ ಕೆಲಸ, ಹಾಲು ಎಂದು ಶುರುವಾದ ಮಾತಿನ ನಡುವೆ ಒಂದೊಂದೇ ಹೊರಬಂತು. ಹಟ್ಟಿಯಿಂದ ಬಂದು ಸೀರೆ ಬದಲಿಸಿದ್ದು, ಕೆಳಮನೆಯಿಂದ ನೀರು ತಂದದ್ದು, ಮಗನ ತಟ್ಟೆಯನ್ನು ಅವನ ಎದುರೇ ಮೂರು ಸಲ ತೊಳೆದದ್ದು, ಅವನ ಬಟ್ಟೆಗಳನ್ನು ಬೇರೆ ಬಕೆಟಿನಲ್ಲಿ ನೆನೆಸಿದ್ದು, ಟಾಂಕಿ ಖಾಲಿಯಾದಾಗ ಮತ್ತೆ ಪಂಪು ಹಾಕಿದ್ದು. ಎಲ್ಲಕ್ಕಿಂತ ಹೆಚ್ಚಾಗಿ, "ಅಮ್ಮ, ನೀನು ಗುಡ್ಡೆ ಕಡೆಗೆ ಹೋಗಿದ್ದೀಯಾ?" ಎಂಬ ಪ್ರಶ್ನೆಗೆ "ಇಲ್ಲ ಮಗಾ" ಎಂದು ಉತ್ತರಿಸಿದ್ದು. ಒಂದೇ ಸಲ ಹೇಳಿದರೆ ಸಾಲದು. ಧ್ವನಿಯಲ್ಲಿ ಸ್ವಲ್ಪ ಬೇಸರ ಕಂಡರೂ ಮತ್ತೆ ಕೇಳುತ್ತಾನೆ. ಒಟ್ಟು ಹೊತ್ತನ್ನು ಲೆಕ್ಕ ಹಾಕಿ ನೋಡಿದಾಗ ದಿನಕ್ಕೆ ನಾಲ್ಕು ಗಂಟೆಯ ಹತ್ತಿರ ಬಂತು. ತಾಯಿಗೇ ಅದು ಹೊಸ ಸುದ್ದಿ.

"ನಾನು ಇಷ್ಟು ಮಾಡದಿದ್ದರೆ ಅವನು ಊಟವನ್ನೇ ಬಿಡುತ್ತಾನೆ" ಎಂದರು ಅವರು. ಇದು ಸುಳ್ಳಲ್ಲ. ತೊಳೆದಾಗ ಮಗನಿಗೆ ಭಯ ಇಳಿಯುತ್ತದೆ. ಅಮ್ಮ "ಇಲ್ಲ" ಎಂದಾಗಲೂ ಇಳಿಯುತ್ತದೆ. ಇಳಿದ ಭಯ ಮನಸ್ಸಿಗೆ ಕಲಿಸುವ ಪಾಠವೆಂದರೆ, ತೊಳೆದದ್ದರಿಂದಲೇ, ಕೇಳಿದ್ದರಿಂದಲೇ ಅಪಾಯ ತಪ್ಪಿತು ಎಂಬುದು. ಆದ್ದರಿಂದ ಮುಂದಿನ ಸಲ ಸಂಶಯ ಬಂದಾಗ ಇನ್ನೂ ಹೆಚ್ಚು ತೊಳೆಯಬೇಕು, ಇನ್ನೂ ಹೆಚ್ಚು ಕೇಳಬೇಕು. ಉಪ್ಪುನೀರು ಕುಡಿದು ಬಾಯಾರಿಕೆ ತೀರಿಸಿಕೊಂಡ ಹಾಗೆ, ಕುಡಿದಷ್ಟೂ ದಾಹ ಹೆಚ್ಚುತ್ತದೆ. ಮನೆಯವರು ಪ್ರೀತಿಯಿಂದ ಹೀಗೆ ಗೀಳಿಗೆ ಹೊಂದಿಕೊಳ್ಳುವುದು ಓಸಿಡಿ ಇರುವ ಬಹುಪಾಲು ಮನೆಗಳಲ್ಲಿ ಕಾಣುತ್ತದೆ. ಕಾಯಿಲೆ ಅದರಿಂದ ಹುಟ್ಟುವುದಿಲ್ಲ, ಆದರೆ ಅದರಿಂದ ಬಲಿಯುತ್ತದೆ.

ಆಗ ತಾಯಿ ಕೇಳಿದ ಪ್ರಶ್ನೆ ಈ ಇಡೀ ಭೇಟಿಯ ಅತ್ಯಂತ ಕಠಿಣ ಪ್ರಶ್ನೆಯಾಗಿತ್ತು. "ಅವನು ಹೆದರುವುದರಲ್ಲಿ ತಪ್ಪೇನು ಡಾಕ್ಟ್ರೇ? ನಮ್ಮ ಊರಿನಲ್ಲಿ ಆದದ್ದು ನಿಜವಲ್ಲವೇ? ನಮ್ಮ ನೆರೆಮನೆಯಲ್ಲೇ ಎದ್ದು ಕೂರಲಾರದ ಮಗು ಇತ್ತು."

ಆದದ್ದು ನಿಜ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆ ಅದರ ನೋವನ್ನು ಹೆಚ್ಚು ಉಂಡ ಪಂಚಾಯತುಗಳಲ್ಲಿ ಒಂದು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿ ಆದೇಶ ಕೊಟ್ಟಿತು. ಸಿಂಪಡಣೆ ನಿಂತ ಬಳಿಕ ಹುಟ್ಟಿದ ಈ ಹುಡುಗ ಆ ಕಥೆಗಳನ್ನು ಕೇಳಿಯೇ ಬೆಳೆದವನು. ವೈದ್ಯೆ ಇದಾವುದನ್ನೂ ತಳ್ಳಿಹಾಕಲಿಲ್ಲ. ಗೀಳು ತನ್ನ ವಸ್ತುವನ್ನು ಆಯಾ ಊರಿನಿಂದಲೇ ಆರಿಸಿಕೊಳ್ಳುತ್ತದೆ, ಇನ್ನೊಂದು ಊರಿನಲ್ಲಿ ಇದೇ ಹುಡುಗ ಹುಚ್ಚುನಾಯಿಗೋ ಮೈಲಿಗೆಗೋ ಹೆದರುತ್ತಿದ್ದ ಎಂದರು. ನೋಡಬೇಕಾದದ್ದು ಭಯಕ್ಕೆ ಕಾರಣವಿತ್ತೇ ಎಂಬುದಷ್ಟನ್ನೇ ಅಲ್ಲ, ಭಯ ಏನು ಮಾಡಿಸುತ್ತದೆ ಎಂಬುದನ್ನು. ಅದೇ ಗುಡ್ಡೆಯ ಕೆಳಗಿನ ಉಳಿದ ಮನೆಯವರಿಗೂ ಹಳೆಯ ಅಂಜಿಕೆಯಿದೆ; ಅವರು ನೀರಿನ ಪರೀಕ್ಷೆ ಮಾಡಿಸುತ್ತಾರೆ, ಪರಿಹಾರಕ್ಕಾಗಿ ಹೋರಾಡುತ್ತಾರೆ, ಸಂಜೆ ಗಂಜಿ ಉಂಡು ಮಲಗುತ್ತಾರೆ. ಮಗನ ತೊಳೆತಕ್ಕೆ ಕೊನೆಯಿಲ್ಲ. ಅದು ಅವನ ಕಾಲೇಜನ್ನೂ ಊಟವನ್ನೂ ನಿದ್ದೆಯನ್ನೂ ಕಸಿದುಕೊಂಡಿದೆ. ತಾಯಿ ಇದಕ್ಕೆ ತಲೆದೂಗಲಿಲ್ಲ, ಎದುರು ಮಾತೂ ಆಡಲಿಲ್ಲ. ಈ ವಿಷಯದಲ್ಲಿ ಅವರ ಸಂಶಯ ಅಂದೇ ಕರಗಿತೆಂದು ನಾನು ಬರೆದರೆ ಅದು ಕಥೆಯ ಅನುಕೂಲಕ್ಕೆ ಹೇಳಿದ ಮಾತಾಗುತ್ತದೆ.

ಚೀಟಿಯಲ್ಲಿ ಬರೆದದ್ದು

ಮತ್ತೆ ಎಲ್ಲರೂ ಒಟ್ಟಿಗೆ ಕುಳಿತಾಗ ವೈದ್ಯೆ ಕಾಯಿಲೆಯ ಹೆಸರು ಹೇಳಿದರು. ಇದನ್ನು ಸಾಬೀತುಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ, ಮಾತಿನಿಂದಲೇ ನಿರ್ಧರಿಸಬೇಕು. ತೀವ್ರತೆಯನ್ನು ಅಳೆಯಲು ಯೇಲ್-ಬ್ರೌನ್ ಎಂಬ ಮಾಪಕವಿದೆ. ಯೋಚನೆಗೂ ಕ್ರಿಯೆಗೂ ತಲಾ ಐದರಂತೆ ಹತ್ತು ಪ್ರಶ್ನೆಗಳು, ಒಂದೊಂದಕ್ಕೆ 0ಯಿಂದ 4 ಅಂಕ. ಮಗನ ಮೊತ್ತ 40ರಲ್ಲಿ 27. ಇದು ತೀವ್ರ ಎನ್ನುವ ವರ್ಗಕ್ಕೆ ಸೇರುತ್ತದೆ.

ಔಷಧ ಬರೆಯುವ ಮೊದಲು ಅವರು ಕೇಳಿದ ಒಂದು ಪ್ರಶ್ನೆ ತಾಯಿಗೆ ಸಂಬಂಧವಿಲ್ಲದ್ದಾಗಿ ಕಂಡಿತು: ನಿದ್ದೆಯಿಲ್ಲದೆಯೂ ದಣಿವಾಗದೆ, ವಿಪರೀತ ಉತ್ಸಾಹದಿಂದ, ನಿಲ್ಲದೆ ಮಾತಾಡುತ್ತ ದಿನಗಟ್ಟಲೆ ಕಳೆದದ್ದು ಮಗನಿಗಾಗಲಿ ಮನೆಯಲ್ಲಿ ಬೇರೆ ಯಾರಿಗಾದರಾಗಲಿ ಇದೆಯೇ? ಅಂತಹ ಹಿನ್ನೆಲೆಯಿದ್ದರೆ ಈ ಔಷಧವನ್ನು ಹಾಗೆಯೇ ಕೊಡುವಂತಿಲ್ಲ. ಮನಸ್ಸು ವಿಪರೀತ ಏರುವ ಅಪಾಯವಿರುತ್ತದೆ. ಇಲ್ಲವೆಂದು ಖಚಿತವಾದ ಮೇಲೆ ಸೆರ್ಟ್ರಲಿನ್ ಮಾತ್ರೆಯನ್ನು ಬೆಳಗಿನ ತಿಂಡಿಯ ಬಳಿಕ, ಮೊದಲ ವಾರ 25 ಮಿಲಿಗ್ರಾಂ, ಬಳಿಕ 50 ಮಿಲಿಗ್ರಾಂ ಎಂದು ಬರೆದರು. ಗೀಳಿಗೆ ಸಾಮಾನ್ಯವಾಗಿ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಹಂತಹಂತವಾಗಿ 200ರವರೆಗೂ ಏರಿಸಬೇಕಾಗಬಹುದು, ಸಾಕಷ್ಟು ಪ್ರಮಾಣ ತಲುಪಿದ ಮೇಲೂ ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು ಎಂದರು. ಹತ್ತನೆಯ ದಿನಕ್ಕೆ ಏನೂ ಆಗಲಿಲ್ಲವೆಂದು ಮಾತ್ರೆ ಬಿಡುವವರು ಬಹಳ ಮಂದಿ. ಅಡ್ಡಪರಿಣಾಮವಾದ ಓಕರಿಕೆ, ಸಡಿಲ ಭೇದಿ, ತಲೆನೋವು ಮೊದಲ ದಿನಗಳಲ್ಲೇ ಬರುತ್ತವೆ, ಗುಣ ಮಾತ್ರ ತಡವಾಗಿ ಬರುತ್ತದೆ. ಈ ಅಂತರವನ್ನು ಮೊದಲೇ ಹೇಳಿಟ್ಟಿರಬೇಕು. ಲೈಂಗಿಕ ಅಡ್ಡಪರಿಣಾಮದ ವಿಷಯವನ್ನು ಅವರು ಮಗನೊಬ್ಬನಿಗೇ ಮೊದಲೇ ಹೇಳಿದ್ದರು.

25 ವರ್ಷದೊಳಗಿನವರಲ್ಲಿ ಈ ಬಗೆಯ ಔಷಧ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆಯೂ ಸಾವಿನ ಯೋಚನೆಯೂ ಹೆಚ್ಚುವ ಸಂಭವ ಸ್ವಲ್ಪ ಇದೆ. ನಿದ್ದೆ ಸಂಪೂರ್ಣ ಹೋದರೆ, ಒಂದು ಕಡೆ ಕುಳಿತಿರಲಾಗದಂತಾದರೆ, ಸಾಯುವ ಮಾತು ಬಂದರೆ ಎರಡು ವಾರಗಳ ಬಳಿಕದ ಮುಂದಿನ ಭೇಟಿಗೆ ಕಾಯದೆ ತಕ್ಷಣ ಬರಬೇಕು. ರಾತ್ರಿಯಾದರೆ ಕರೆ ಮಾಡಲು ಉಚಿತ ಟೆಲಿ ಮಾನಸ್ ಸಂಖ್ಯೆ 14416ನ್ನು ಓಪಿ ಚೀಟಿಯ ಹಿಂದೆ ಬರೆದುಕೊಟ್ಟರು. "ಇದು ಚಟ ಹಿಡಿಸುವ ಮಾತ್ರೆಯೇ?" ಎಂದು ತಾಯಿ ಕೇಳಿದರು. ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ. ನಿಲ್ಲಿಸುವುದಿದ್ದರೂ ಮೆಲ್ಲಮೆಲ್ಲನೆ, ಅದೂ ಗುಣವಾದ ಮೇಲೆ ಕನಿಷ್ಠ ಒಂದೆರಡು ವರ್ಷ ತೆಗೆದುಕೊಂಡ ಬಳಿಕ.

ಮಗನ ಪ್ರಶ್ನೆ ಬೇರೆಯಿತ್ತು. "ಮಾತ್ರೆಯ ಹಾಳೆಯನ್ನು ತೊಳೆಯಬಹುದೇ?" ವೈದ್ಯೆ ನಕ್ಕರು, ಅವನೂ ಸ್ವಲ್ಪ ನಕ್ಕ. ತೊಳೆಯದೆ, ತಾಯಿಯ ಕೈಯಿಂದ ಇಸಿದುಕೊಳ್ಳದೆ, ತಾನೇ ಮಾತ್ರೆಯನ್ನು ಒತ್ತಿ ಅಂಗೈಗೆ ಬೀಳಿಸಿ ನುಂಗುವುದೆಂದು ತೀರ್ಮಾನವಾಯಿತು. ಅವನ ವರ್ತನಾ ಚಿಕಿತ್ಸೆಯ ಮೊದಲ ಮೆಟ್ಟಿಲು ಹೀಗೆ ಅಲ್ಲೇ ನಿಶ್ಚಯವಾಯಿತು ಎನ್ನಬಹುದು. ಭಯ ಹುಟ್ಟಿಸುವುದನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸುತ್ತ, ಬಳಿಕ ತೊಳೆಯದೆ ಆ ಭಯದೊಂದಿಗೇ ಇರಲು ಕಲಿಸುವ ಈ ಚಿಕಿತ್ಸೆಗೆ ಮನಃಶಾಸ್ತ್ರಜ್ಞರ ಬಳಿ ವಾರಕ್ಕೊಮ್ಮೆಯಂತೆ ಹಲವು ವಾರ ಬರಬೇಕಾಗುತ್ತದೆ. ಇದರಲ್ಲಿ ಯಾರನ್ನೂ ನಿಜವಾದ ಅಪಾಯಕ್ಕೆ ಒಡ್ಡುವುದಿಲ್ಲ. ಕಳೆನಾಶಕದ ಕ್ಯಾನನ್ನು ಮುಟ್ಟಿಸುವುದಿಲ್ಲ; ಆ ಊರಿನ ಇತರರು ದಿನವೂ ಯೋಚಿಸದೆ ಮಾಡುವ ಕೆಲಸಗಳೇ ಅದರ ಮೆಟ್ಟಿಲುಗಳು.

ತಾಯಿಗೆ ಸಿಕ್ಕಿದ ಕೆಲಸ ಒಂದೇ. ನೀರು ತರುವುದು, ಸೀರೆ ಬದಲಿಸುವುದು, ತಟ್ಟೆ ತೊಳೆಯುವುದು ಸದ್ಯಕ್ಕೆ ಹಾಗೆಯೇ ಇರಲಿ. ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದರೆ ಮಗನಿಗೆ ಅದು ಶಿಕ್ಷೆಯಂತೆ ಕಾಣುತ್ತದೆ, ಮನೆಯಲ್ಲಿ ಜಗಳವಾಗುತ್ತದೆ, ಎರಡು ದಿನದಲ್ಲಿ ತಾಯಿಯೇ ಸೋತು ಮೊದಲಿನಂತೆ ಮಾಡುತ್ತಾರೆ. ಬದಲಾಗಬೇಕಾದದ್ದು ಗುಡ್ಡೆಯ ಪ್ರಶ್ನೆಯ ಉತ್ತರ ಮಾತ್ರ. ಮೊದಲ ಸಲ ಕೇಳಿದಾಗ ನಿಜ ಹೇಳುವುದು. ಅದೇ ದಿನ ಮತ್ತೆ ಕೇಳಿದರೆ, "ಇದು ಗೀಳು ಕೇಳುವ ಪ್ರಶ್ನೆ ಅಂತ ಕಾಣುತ್ತದೆ ಮಗಾ. ಉತ್ತರ ಕೊಡುವುದಿಲ್ಲ, ಆದರೆ ಇಲ್ಲೇ ನಿನ್ನ ಹತ್ತಿರ ಕೂರುತ್ತೇನೆ" ಎನ್ನುವುದು. ಈ ವಾಕ್ಯವನ್ನು ರೂಪಿಸಿದ್ದು ಮಗನೇ. ವೈದ್ಯೆ ಹೇಳಿದ್ದ ಮೊದಲ ರೂಪ ಆಸ್ಪತ್ರೆಯ ಕನ್ನಡದಂತಿತ್ತು. "ಅಮ್ಮ ಹಾಗೆ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ" ಎಂದು ಅವನೇ ತಿದ್ದಿದ. ರೋಗಿಯ ಒಪ್ಪಿಗೆಯಿಲ್ಲದೆ ಉತ್ತರ ನಿಲ್ಲಿಸುವುದಕ್ಕೂ ಅವನೇ ಮೊದಲು ಒಪ್ಪಿದ ಮೇಲೆ ನಿಲ್ಲಿಸುವುದಕ್ಕೂ ಬಹಳ ಅಂತರವಿದೆ.

ಎರಡು ವಾರಗಳ ಬಳಿಕ ಬಂದಾಗ ತೊಳೆಯುವ ಹೊತ್ತು ಕಡಿಮೆಯಾಗಿರಲಿಲ್ಲ. ಓಕರಿಕೆ ನಾಲ್ಕು ದಿನ ಇದ್ದು ಹೋಗಿತ್ತು. ಸಾವಿನ ಯೋಚನೆ ಹೆಚ್ಚಿರಲಿಲ್ಲ, ಶೆಡ್ಡಿಗೆ ಬೀಗ ಬಿದ್ದಿತ್ತು. ಒಂದು ರಾತ್ರಿ ಮಗ ಬಾಗಿಲು ಬಡಿದು ಊಟ ಬಿಟ್ಟಿದ್ದ. ಹನ್ನೊಂದು ಗಂಟೆಗೆ ತಾಯಿ ತಾಳಲಾರದೆ "ಹೋಗಿಲ್ಲ ಮಗಾ, ಹೋಗಿಲ್ಲ" ಎಂದು ಉತ್ತರ ಕೊಟ್ಟಿದ್ದರು. ಅದನ್ನು ಹೇಳುವಾಗ ಅವರ ಧ್ವನಿ ಕುಗ್ಗಿತ್ತು. ಹೊಂದಿಕೊಳ್ಳುವುದನ್ನು ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಪ್ರಶ್ನೆ ಏರುವುದು ನಿರೀಕ್ಷಿತವೇ ಎಂದು ವೈದ್ಯೆ ಹೇಳಿ, ಉಳಿದ ದಿನಗಳ ಲೆಕ್ಕ ಕೇಳಿದರು. ಹಾಳೆಯಲ್ಲಿ ಗುರುತಿತ್ತು: ಮೊದಲು ದಿನಕ್ಕೆ ನಲವತ್ತರ ಆಸುಪಾಸಿನಲ್ಲಿದ್ದ ಪ್ರಶ್ನೆ ಹದಿನೈದರ ಸುತ್ತ ಇಳಿದಿತ್ತು. ಮಾತ್ರೆಯನ್ನು 100 ಮಿಲಿಗ್ರಾಂಗೆ ಏರಿಸಲಾಯಿತು, ಒಂದು ತಿಂಗಳ ಬಳಿಕ 150ಕ್ಕೆ.

ಮೂರನೆಯ ತಿಂಗಳಲ್ಲಿ ಅಳೆದಾಗ ಅಂಕ 17ಕ್ಕೆ ಇಳಿದಿತ್ತು. ಮೊದಲಿನ ಅಂಕಕ್ಕಿಂತ ಶೇಕಡಾ 35ಕ್ಕೂ ಹೆಚ್ಚು ಇಳಿದರೆ ಚಿಕಿತ್ಸೆಗೆ ಸ್ಪಂದನೆ ಎನ್ನುತ್ತಾರೆ. ಸಂಪೂರ್ಣ ಗುಣ ಎನ್ನುವುದಿಲ್ಲ. ಸ್ನಾನ ಮುಕ್ಕಾಲು ಗಂಟೆಗೆ ಬಂದಿತ್ತು, ಗಿಣ್ಣಿನ ಗಾಯಗಳು ಮಾಗಿದ್ದವು, ವಾರದಲ್ಲಿ ಮೂರು ದಿನ ಕಾಲೇಜಿಗೆ ಹೋಗುತ್ತಿದ್ದ. ಕಾಫಿಯ ಲೋಟದ ಯೋಚನೆಯನ್ನು ಅವನು ತಾಯಿಗೆ ಹೇಳಿದ್ದು ಆ ಭೇಟಿಯಲ್ಲಿ, ವೈದ್ಯೆಯ ಎದುರಿನಲ್ಲಿ. "ಅಷ್ಟಕ್ಕಾ ನೀನು ನನ್ನ ಕಾಫಿ ಲೋಟ ಮುಟ್ಟದೆ ಇದ್ದದ್ದು?" ಎಂದು ತಾಯಿ ಕೇಳಿದರು. ಅಲ್ಲಿಯವರೆಗೆ ಅವರು ಅದನ್ನು ತನ್ನ ಮೇಲಿನ ಸಿಟ್ಟೆಂದು ತಿಳಿದಿದ್ದರಂತೆ. ಮುಂದಿನ ವಾರದ ಅಭ್ಯಾಸವಾಗಿ ಮನಃಶಾಸ್ತ್ರಜ್ಞೆ ಬರೆದದ್ದು, ಬೆಳಗಿನ ಕಾಫಿಯನ್ನು ಮಗನೇ ಮಾಡಿ ತಾಯಿಗೆ ಕೊಡುವುದು, ಬಳಿಕ ಅರ್ಧ ಗಂಟೆ ಕೈ ತೊಳೆಯದಿರುವುದು. ಸುರಂಗದ ನೀರು ಪಟ್ಟಿಯ ತುದಿಯಲ್ಲಿದೆ. ಅದಕ್ಕೆ ಮೊದಲು ಇನ್ನೂ ಆರು ಮೆಟ್ಟಿಲುಗಳಿವೆ.